ಮೃದುಮುಳ್ಳಿನ ಜೋಡಿಕಾಯಿ ಬಿಡುವ ಈ ಹಾಲುಬಳ್ಳಿ ಯಾವುದು?

ಸಸ್ಯಗಳನ್ನು ಬಲ್ಲವರಲ್ಲಿ ಈ ಬಳ್ಳಿಯ ಗುರುತನ್ನು ಕೇಳುತ್ತಿದ್ದೇನೆ. ಮೊದಲ ಚಿತ್ರವನ್ನು ಸಂಜೆಯ ಬೆಳಕಿನಲ್ಲಿ ತೆಗೆದದ್ದರಿಂದ ಹೂವು ಹಳದಿಯಾಗಿ ಕಾಣುತ್ತದೆ. ಅದರ ನಿಜವಾದ ಬಣ್ಣ ಹಸಿರು ಬೆರೆತ ಮಾಸಲು ಬಿಳಿ. ಮರುದಿನ ಬೆಳಿಗ್ಗೆ ಅಳತೆಪಟ್ಟಿಯನ್ನಿಟ್ಟು ತೆಗೆದ ಉಳಿದ ನಾಲ್ಕು ಚಿತ್ರಗಳನ್ನೇ ಆಧಾರವಾಗಿಟ್ಟುಕೊಳ್ಳಬೇಕಾಗಿ ವಿನಂತಿ.

ಬಳ್ಳಿಯು ಒಣ ಬಯಲಿನ ಅಂಚಿನಲ್ಲಿ, ಪೂರ್ಣ ಬಿಸಿಲಿಗೆ, ಮುಳ್ಳಿನ ಪೊದೆಯೊಂದನ್ನು ಸುತ್ತಿಕೊಂಡು ಸುಮಾರು ಎರಡು ಮೀಟರ್ ಎತ್ತರಕ್ಕೆ ಏರಿದೆ. ಅದಕ್ಕೆ ಕುಡಿಬಳ್ಳಿಗಳಿಲ್ಲ, ಕಾಂಡವೇ ಆಸರೆಯನ್ನು ಸುತ್ತುತ್ತದೆ. ಎಳೆಯ ಕಾಂಡದ ಮೇಲೆ ಬಿರುಸಾದ ರೋಮಗಳಿವೆ.

ಎಲೆಗಳು ಗಿಣ್ಣಿಗೆ ಎರಡರಂತೆ ಎದುರುಬದುರಾಗಿವೆ. ನಾನು ಅಳೆದ ಎಲೆಯು 6 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲವಿದ್ದು, ಬುಡದಲ್ಲಿ ಆಳವಾಗಿ ಹೃದಯದಂತೆ ಒಳಸರಿದು, ತುದಿಯಲ್ಲಿ ಚೂಪಾಗಿದೆ; ಅಂಚು ನಯ, ಕೆಳಮೈ ಮಾತ್ರ ಮಖಮಲ್ಲಿನಂತೆ ಮೃದು. ತೊಟ್ಟು ಮುರಿದ ಕೂಡಲೇ ಹಾಲು ಹನಿಹನಿಯಾಗಿ ಒಸರಿ ಬೆರಳಿಗೆ ಅಂಟಿತು. ಎಲೆಯನ್ನು ಹೊಸಕಿದರೆ ಬರುವ ವಾಸನೆ ಸಹಿಸಲು ಕಷ್ಟ, ಇದನ್ನು ಚಿತ್ರ ಹೇಳಲಾರದು.

ಹೂಗೊಂಚಲು ಎಲೆಯ ಕಂಕುಳಿನ ಬದಿಯಿಂದ ಉದ್ದನೆಯ ಕಾವಿನ ಮೇಲೆ ಹೊರಟು ಕೊಡೆಯಂತೆ ಹರಡಿದೆ. ಹೂವಿನ ಐದು ದಳಗಳ ಅಂಚಿನಲ್ಲಿ ಉದ್ದವಾದ ಬಿಳಿ ರೋಮಗಳ ಝಾಲರಿಯಿದೆ. ನಡುವಿನ ಅಚ್ಚ ಬಿಳಿಯ ಕಿರೀಟದಲ್ಲಿ, ಭೂತಗನ್ನಡಿಯಿಂದ ನೋಡಿದಾಗ, ಎರಡು ಸುತ್ತುಗಳು ಸ್ಪಷ್ಟವಾಗಿ ಕಾಣುತ್ತವೆ: ಹೊರಗೆ ಗಿಡ್ಡನೆಯ ಉಂಗುರ, ಒಳಗೆ ಕೊಂಬಿನಂತೆ ಮೇಲೆದ್ದ ಐದು ಹಾಲೆಗಳು. ಸೂಜಿಯ ತುದಿಯಿಂದ ಮೆಲ್ಲನೆ ಕೆದಕಿದಾಗ ಜೋಡಿ ಪರಾಗಚೀಲಗಳು ಒಟ್ಟಾಗಿ ಅಂಟಿಕೊಂಡು ಬಂದದ್ದರಿಂದ ಇದು ಎಕ್ಕದ ಬಳಗಕ್ಕೆ ಸೇರಿದ್ದೆಂಬುದರಲ್ಲಿ ನನಗೆ ಅನುಮಾನವಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು ಕಾಯಿ. ಒಂದೇ ತೊಟ್ಟಿನಿಂದ ಎರಡೆರಡಾಗಿ ಹೊರಟು ಕೆಳಕ್ಕೆ ಬಾಗಿದ, ಕೊಕ್ಕಿನಂತೆ ಮೊನಚಾದ, 7 ಸೆಂ.ಮೀ. ಉದ್ದದ ಈ ಕಾಯಿಗಳ ಮೈತುಂಬ ಮುಳ್ಳುಗಳಿವೆ. ಚುಚ್ಚೀತೆಂದು ಹೆದರುತ್ತಲೇ ಮುಟ್ಟಿದೆ, ಆದರೆ ಅವು ಬೆರಳ ಕೆಳಗೆ ಬಾಗುವಷ್ಟು ಮೆತ್ತಗಿದ್ದವು. ಹಳೆಯ ಒಣಕಾಯಿಯೊಂದು ಒಂದೇ ಬದಿಯಲ್ಲಿ ಬಿರಿದಿತ್ತು. ಅದರೊಳಗಿನ ಚಪ್ಪಟೆ ಬೀಜಗಳ ತುದಿಯಲ್ಲಿ ರೇಷ್ಮೆಯಂಥ ಬಿಳಿ ಕುಚ್ಚಿದೆ (ಐದನೆಯ ಚಿತ್ರ).

ಟೈಲೋಫೋರಾ ಇರಬಹುದೆಂದು ಮೊದಲು ಎಣಿಸಿದ್ದೆ. ಅದರ ಕಾಯಿಗೆ ಮುಳ್ಳಿಲ್ಲವಾದ್ದರಿಂದ ಕೈಬಿಟ್ಟೆ. ಈಗ ಪರ್ಗುಲೇರಿಯಾ ಡೇಮಿಯಾ ಎಂಬ ಊಹೆಗೆ ಬಂದಿದ್ದೇನೆ. ಒಪ್ಪುವವರು ಯಾವ ಲಕ್ಷಣದ ಮೇಲೆ ಒಪ್ಪುತ್ತೀರೆಂದೂ, ಒಪ್ಪದವರು ಯಾವುದು ಹೊಂದುತ್ತಿಲ್ಲವೆಂದೂ ತಿಳಿಸಬೇಕು. ಬಳ್ಳಿಯನ್ನು ಕಿತ್ತಿಲ್ಲ; ಕಿರೀಟದ ಅಡ್ಡಸೀಳಿನ ಚಿತ್ರವಾಗಲಿ, ಗಿಣ್ಣಿನ ಸಮೀಪಚಿತ್ರವಾಗಲಿ ಬೇಕಾದರೆ ಹೂವು ಬಾಡುವ ಮುನ್ನ ಹೋಗಿ ತೆಗೆದು ತರುತ್ತೇನೆ.