ಬ್ಯಾಡಗಿ ಖಾರದ ಪುಡಿ: ನೀವು ಫೋನಿನಲ್ಲಿ ಕೇಳಿದ್ದು

ಮೊದಲು ಇಲ್ಲಿ "ನಮ್ಮ ಪುಡಿಯೇ ಯಾಕೆ ಶ್ರೇಷ್ಠ?" ಅಂತ ನಾವೇ ಕೇಳಿಕೊಂಡು, ನಾವೇ ಉತ್ತರ ಬರೆದಿದ್ದೆವು. ನಿಮ್ಮಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಬ್ಯಾಡಗಿಯ ನಮ್ಮ ಅಂಗಡಿಗೆ ಫೋನ್ ಮಾಡಿ ನೀವು ಕೇಳುವುದನ್ನೇ ಈಗ ಬರೆದಿದ್ದೇವೆ.

ಇಷ್ಟು ಕೆಂಪಗಿದೆ. ಬಣ್ಣ ಹಾಕಿದ್ದೀರಾ?

ಇಲ್ಲ. ನಾವು ಬೀಸುವುದು ಡಬ್ಬಿ ಕಾಯಿ. ಅದು ಗಿಡ್ಡ, ದಪ್ಪ, ಮೈಯೆಲ್ಲಾ ಸುಕ್ಕು. ಬ್ಯಾಡಗಿಯ ಇನ್ನೊಂದು ಬಗೆ, ಉದ್ದ ತೆಳ್ಳಗಿನ ಕಡ್ಡಿ ಕಾಯಿಗಿಂತ ಅದರಲ್ಲಿ ಬಣ್ಣ ಜಾಸ್ತಿ.

ಮನೆಯಲ್ಲೇ ನೋಡಬೇಕಂದ್ರೆ ಒಂದು ಗ್ಲಾಸ್ ನೀರಿನ ಮೇಲೆ ಅರ್ಧ ಚಮಚ ಪುಡಿ ಉದುರಿಸಿ, ಕಲಕಬೇಡಿ. ನೀರಿನಲ್ಲಿ ಕರಗುವ ಬಣ್ಣ ಬೆರೆತಿದ್ದರೆ ಕೆಂಪು ಗೆರೆಗಳು ಕೂಡಲೇ ಕೆಳಗಿಳಿಯುತ್ತವೆ. ಮೆಣಸಿನಕಾಯಿಯ ಸ್ವಂತ ಬಣ್ಣ ಬಿಡುವುದು ಎಣ್ಣೆಯಲ್ಲಿ. ಒಗ್ಗರಣೆಗೆ ಖಾರ ಬಿದ್ದಾಗ ಎಣ್ಣೆ ಕೆಂಪಗಾಗುತ್ತದೆ ಅಲ್ವಾ, ಅದು ಇದೇ. ಆದರೆ ಈ ಪರೀಕ್ಷೆಯೊಂದನ್ನೇ ನಂಬಬೇಡಿ. ಸುಡಾನ್ ಅನ್ನುವ ಕಲಬೆರಕೆ ಬಣ್ಣವೂ ಎಣ್ಣೆಯಲ್ಲೇ ಕರಗುತ್ತದೆ, ನೀರಿನ ಗ್ಲಾಸಿನಲ್ಲಿ ಸಿಕ್ಕಿಬೀಳುವುದಿಲ್ಲ. ಅದಕ್ಕೆ ಲ್ಯಾಬೇ ಬೇಕು. ನಿಮ್ಮ ಪ್ಯಾಕೆಟ್ಟಿನ ಬ್ಯಾಚ್ ನಂಬರ್ ಹೇಳಿ, ಆ ಬ್ಯಾಚಿನ ಲ್ಯಾಬ್ ವರದಿ ವಾಟ್ಸಾಪ್ ಮಾಡುತ್ತೇವೆ.

ಕಾಯಿ ಎಲ್ಲಾ ಬ್ಯಾಡಗಿಯಲ್ಲೇ ಬೆಳೆದದ್ದಾ?

ಅಲ್ಲ. ಬ್ಯಾಡಗಿ ಅನ್ನುವುದು ತಳಿಯ ಹೆಸರೂ ಹೌದು, ದೊಡ್ಡ ಮಾರುಕಟ್ಟೆಯ ಹೆಸರೂ ಹೌದು. 2011ರಲ್ಲಿ ಈ ಮೆಣಸಿನಕಾಯಿಗೆ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಾರುಕಟ್ಟೆಗೆ ಬೇರೆ ಬೇರೆ ಕಡೆಯಿಂದ ಮಾಲು ಬರುತ್ತದೆ, ಆಂಧ್ರದಿಂದಲೂ ಬರುತ್ತದೆ. ನಾವು ಕೊಳ್ಳುವುದು ಹಾವೇರಿ, ಗದಗ ಮತ್ತು ಕುಂದಗೋಳ ಕಡೆಯ ರೈತರ ಕಾಯಿ.

ಖಾರನೇ ಇಲ್ಲವಲ್ಲ?

ಗುಂಟೂರು ಖಾರ ರೂಢಿಯಾದವರಿಗೆ ಇದು ಸಪ್ಪೆ ಅನಿಸುತ್ತದೆ. ಬ್ಯಾಡಗಿಯ ಗುಣವೇ ಹಾಗೆ: ಬಣ್ಣ ಜಾಸ್ತಿ, ಖಾರ ಕಡಿಮೆ. ಹೇಳಿದರೆ ಕಾಲು ಭಾಗ ಗುಂಟೂರು ಕಾಯಿ ಸೇರಿಸಿ ಬೀಸಿ ಕೊಡುತ್ತೇವೆ. ಪ್ಯಾಕೆಟ್ ಮೇಲೂ ಹಾಗಂತಲೇ ಬರೆದಿರುತ್ತೇವೆ.

ಕಿಲೋಗೆ 620 ರೂಪಾಯಿ ಯಾಕೆ? ಕಾಯಿ ಇನ್ನೂ ಅಗ್ಗ ಸಿಗುತ್ತದೆ.

ಸಿಗುತ್ತದೆ, ನಿಜ. ಆದರೆ ಒಂದು ಕಿಲೋ ಕಾಯಿಗೆ ಒಂದು ಕಿಲೋ ಪುಡಿ ಬರುವುದಿಲ್ಲ. ತೊಟ್ಟು ಹೋಗುತ್ತದೆ, ಬಿಸಿಲಿಗೆ ಒಣಗಿ ತೂಕ ಇಳಿಯುತ್ತದೆ. ತೊಟ್ಟನ್ನು ನಮ್ಮಲ್ಲಿ ಹೆಂಗಸರು ಕೂತು ಒಂದೊಂದಾಗಿ ಕೈಯಿಂದಲೇ ಮುರಿಯುತ್ತಾರೆ. ಸಂಜೆಯವರೆಗೂ ಬೆರಳು ಉರಿಯುವ ಕೆಲಸ ಅದು, ಅವರ ಕೂಲಿಯಲ್ಲಿ ನಾವು ಉಳಿಸಲು ನೋಡುವುದಿಲ್ಲ. ತೊಟ್ಟು ಸಮೇತ ಬೀಸಿದರೆ ಕಡಿಮೆಗೆ ಕೊಡಬಹುದು, ಪುಡಿ ಮಾತ್ರ ಮಂಕಾಗುತ್ತದೆ.

ಎಷ್ಟು ದಿನ ಇಡಬಹುದು?

ಆರು ತಿಂಗಳು. ಗಾಳಿಯಾಡದ ಡಬ್ಬಿಯಲ್ಲಿ, ಬೆಳಕು ಬೀಳದ ಕಡೆ ಇಡಿ. ಒದ್ದೆ ಚಮಚ ಹಾಕಬೇಡಿ.

ಇಷ್ಟವಾಗದಿದ್ದರೆ ವಾಪಸ್ ತಗೊಳ್ತೀರಾ?

ಪ್ಯಾಕೆಟ್ ಒಡೆದ ಮೇಲೆ ರುಚಿ ಹಿಡಿಸಲಿಲ್ಲ ಅಂದರೆ ಇಲ್ಲ. ಅದಕ್ಕೇ ಮೊದಲ ಸಲ 100 ಗ್ರಾಂ ತರಿಸಿ ನೋಡಿ. ಹುಳ, ಮುಗ್ಗಲು ವಾಸನೆ, ತೂಕದಲ್ಲಿ ಕಡಿಮೆ, ಇವಿದ್ದರೆ 15 ದಿನದೊಳಗೆ ಒಂದು ಫೋಟೋ ಕಳಿಸಿ. ಪೂರ್ತಿ ಹಣ ಕೊಡುತ್ತೇವೆ, ಕೊರಿಯರ್ ಖರ್ಚೂ ನಮ್ಮದೇ.