ಡಿಪೋ ವರ್ಕ್‌ಶಾಪಿನ ಬೀಳ್ಕೊಡುಗೆಯಲ್ಲಿ ಹೆಡ್ ಮೆಕ್ಯಾನಿಕ್ ಆಡಿದ ಮಾತು

ಮ್ಯಾನೇಜರ್ ಸಾಹೇಬ್ರೇ, ವರ್ಕ್‌ಶಾಪಿನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ನಮಸ್ಕಾರ.

ನನ್ನ ಬಗ್ಗೆ ನೀವೆಲ್ಲ ಹೇಳಿದ್ದರಲ್ಲಿ ಅರ್ಧಕ್ಕೆ ರಿಯಾಯಿತಿ ಕೊಟ್ಟು ಉಳಿದದ್ದನ್ನು ಇಟ್ಟುಕೊಳ್ತೀನಿ. ಮೂರು ನಿಮಿಷ ಸಾಕು, ಯಾಕಂದ್ರೆ ನಾಲ್ಕು ಗಂಟೆಯ ಗಾಡಿಗಳು ಗೇಟಿಗೆ ಬರ್ತವೆ.

ಮೊದಲ ಥ್ಯಾಂಕ್ಸ್ ಡ್ರೈವರ್‌ಗಳಿಗೆ. ‘ಬ್ರೇಕ್ ಸರಿ ಇಲ್ಲ’ ಅಂತ ಬರೆದರೆ ನಾಲ್ಕೂ ಚಕ್ರ ಬಿಚ್ಚಬೇಕು. ‘ಬ್ರೇಕ್ ಒತ್ತಿದರೆ ಎಡಕ್ಕೆ ಎಳೆಯುತ್ತೆ, ಲೋಡ್ ಇದ್ದಾಗ ಮಾತ್ರ’ ಅಂತ ಬರೆದಿರಿ ನೋಡಿ, ಆ ಒಂದು ಸಾಲು ನಮ್ಮ ಅರ್ಧ ರಾತ್ರಿ ಉಳಿಸಿತು.

ಸ್ಟೋರ್ಸ್ ಮೇಡಂ, ಲೈನರ್ ಖಾಲಿಯಾಗೋ ಮೊದಲೇ ಇಂಡೆಂಟ್ ಹಾಕಿದ್ದು ನೀವು. ಹೆಸರು ಬಂದದ್ದು ನನಗೆ. ತೊಳೆಯೋ ಹುಡುಗರು ಆಯಿಲ್ ಸೋರಿಕೆಯನ್ನು ನನಗಿಂತ ಮೊದಲು ಕಂಡವರು.

ರಾತ್ರಿ ಪಾಳಿಯವರೇ, ಬೆಳಿಗ್ಗೆ ಏರ್ ಟ್ಯಾಂಕಿನ ನೀರು ಬಿಡೋದನ್ನು ಮಳೆಗಾಲದಲ್ಲೂ ಒಂದು ದಿನ ತಪ್ಪಿಸಲಿಲ್ಲ. ಅದಕ್ಕೆ ವಿಶೇಷ ನಮಸ್ಕಾರ. ಟಾರ್ಕ್ ರೆಂಚ್ ಎರಡನೇ ಕಪಾಟಿನಲ್ಲಿದೆ, ಸೆಟ್ಟಿಂಗ್ ಸೊನ್ನೆಗೆ ಇಳಿಸಬೇಡಿ, ಸ್ಕೇಲಿನ ಕನಿಷ್ಠ ಗುರುತಿಗೆ ತಂದು ಇಡಿ.

ರೇಗಿದ್ದಕ್ಕೆಲ್ಲ ಕ್ಷಮೆ ಇರಲಿ. ಹೋಳಿಗೆ ಬಿಸಿ ಇದೆಯಂತೆ, ಏಳಿ.