ಎಡ ಭುಜದ ನೋವು

ರಾತ್ರಿ 2 ಗಂಟೆ. ಮಲ್ಪೆಯಲ್ಲಿ ಬೋಟಿನ ಮೇಲೆ ಜಾರಿ ಎಡ ಪಕ್ಕೆಗೆ ಪೆಟ್ಟು ಮಾಡಿಕೊಂಡವರು ಮತ್ತೆ ಕರೆದರು.

"ಸಿಸ್ಟರ್, ಭುಜದ ತುದಿ ನೋಯ್ತಿದೆ. ಮಲಗಿದ್ರೆ ಜಾಸ್ತಿ."

ಶಾಲಿನಿ ಭುಜ ಒತ್ತಿದಳು, ಕೈ ಎತ್ತಿಸಿದಳು. "ಈಗ ಹೆಚ್ಚಾಯ್ತಾ ಅಣ್ಣ?"

"ಇಲ್ಲ, ಹಾಗೇ ಇದೆ."

ಹಾಗಾದ್ರೆ ತೊಂದರೆ ಭುಜದ್ದಲ್ಲ. ಹಣೆಯಲ್ಲಿ ತಣ್ಣನೆ ಬೆವರು. ನಾಡಿ 124. ಸಂಜೆ 120/80 ಇದ್ದ ಬಿಪಿ ಈಗ 90/60. ಹೊಟ್ಟೆ ಬಿಗಿ. ಎಡ ಪಕ್ಕೆಲುಬುಗಳ ಒಳಗಿರುವ ಗುಲ್ಮ ಒಡೆದು, ರಕ್ತ ಎದೆ-ಹೊಟ್ಟೆಯ ನಡುವಿನ ಪದರವಾದ ವಪೆಯನ್ನು ಕೆರಳಿಸಿದರೆ ನೋವು ಎಡ ಭುಜದಲ್ಲಿ ಕಾಣುತ್ತದೆ. ವಪೆ, ಭುಜ ಎರಡರ ನರಗಳೂ ಕುತ್ತಿಗೆಯ ಒಂದೇ ಜಾಗದಿಂದ ಬರುತ್ತವೆ.

ಡಾಕ್ಟರಿಗೆ ಫೋನ್ ಮಾಡಿದಳು.

"ನೋವಿನ ಮಾತ್ರೆ ಕೊಡಿ, ಬೆಳಿಗ್ಗೆ ನೋಡೋಣ."

"ಬೆಳಿಗ್ಗೆವರೆಗೆ ಆಗಲ್ಲ ಸರ್. ಒಳಗೆ ರಕ್ತ ಹೋಗ್ತಿದೆ. ಈಗಲೇ ಬನ್ನಿ."

ಸ್ಕ್ಯಾನ್‌ನಲ್ಲಿ ಗುಲ್ಮದ ಸುತ್ತ ರಕ್ತ ಕಂಡಿತು. 3 ಗಂಟೆಗೆಲ್ಲಾ ಆಪರೇಷನ್ ಶುರುವಾಯಿತು.